ಮೈಸೂರು ರಸ್ತೇಲಿ ಟೋಲ್ ಕಟ್ಟೋದಾ, ಸರ್ವೀಸ್ ರಸ್ತೆ ಹಿಡಿಯೋದಾ? ಚಾಮರಾಜಪೇಟೆಯಿಂದ ಹೊರಡೋರಿಗೆ ಪೂರ್ತಿ ಲೆಕ್ಕ

ಚಾಮರಾಜಪೇಟೆ: ನಮ್ಮ ಬೀದಿಯಲ್ಲಿ ಬುಕ್ ಬೈಂಡಿಂಗ್ ಅಂಗಡಿ ಇಟ್ಕೊಂಡಿರೋ ಅಣ್ಣ ಒಬ್ಬರಿದ್ದಾರೆ. ಅವರ ತಾಯಿ ಇರೋದು ಮಂಡ್ಯದಲ್ಲಿ. ವಯಸ್ಸಾಗಿದೆ, ಒಬ್ಬರೇ ಇದ್ದಾರೆ, ಬೆಂಗಳೂರಿಗೆ ಬನ್ನಿ ಅಂದ್ರೆ ಬರಲ್ಲ. ಹಾಗಾಗಿ ಅಣ್ಣ ಪ್ರತಿ ಭಾನುವಾರ ಬೆಳಿಗ್ಗೆ ತಮ್ಮ ಹಳೇ ವ್ಯಾಗನ್‌ಆರ್ ತೆಗೆದು ಹೊರಡ್ತಾರೆ, ರಾತ್ರಿಯೊಳಗೆ ವಾಪಸ್. ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೂ ಅವರು ಕೆಳಗಿನ ಸರ್ವೀಸ್ ರಸ್ತೆಯಲ್ಲೇ ಹೋಗ್ತಿದ್ರು. "ಹೋಗಿ ಬರೋಕೆ ಇನ್ನೂರೈವತ್ತು ರೂಪಾಯಿ ಟೋಲು. ವಾರಾ ವಾರಾ ಎಲ್ಲಿಂದ ತರ್ಲಪ್ಪಾ?" ಅನ್ನೋರು. ಕತ್ತಲಾದ ಮೇಲೆ ಸರ್ವೀಸ್ ರಸ್ತೆಯಲ್ಲಿ ಓಡಿಸೋಕೆ ಭಯ. ಅದಕ್ಕೆ ನಾಲ್ಕು ಗಂಟೆಗೇ ತಾಯಿ ಮನೆ ಬಿಡ್ತಿದ್ರು. ಕಾಫಿ ಆರೋಕೂ ಬಿಡಲ್ಲ ಅಂತ ತಾಯಿಗೆ ಬೇಜಾರು.

ಒಂದಿನ ಅಂಗಡಿಯಲ್ಲಿ ಕೂತು ಇಬ್ಬರೂ ಪೇಪರ್ ಮೇಲೆ ಲೆಕ್ಕ ಹಾಕಿದ್ವಿ. ಬಂದ ಉತ್ತರ ನಾನು ಅಂದ್ಕೊಂಡಿದ್ದಲ್ಲ, ಅವರು ಅಂದ್ಕೊಂಡಿದ್ದೂ ಅಲ್ಲ. ಮೈಸೂರು ಕಡೆ ಕಾರಲ್ಲಿ ಓಡಾಡೋರಿಗೆಲ್ಲ ಉಪಯೋಗ ಆಗಬಹುದು ಅಂತ ಆ ಲೆಕ್ಕವನ್ನ ಇಲ್ಲಿ ಬಿಡಿಸಿ ಬರೀತಿದ್ದೀನಿ.

ಮೊದಲು ರಸ್ತೆ ಯಾವುದು ಅಂತ ಸರಿಯಾಗಿ ತಿಳ್ಕೊಳ್ಳೋಣ

ಬೆಂಗಳೂರು-ಮೈಸೂರು ರಾಷ್ಟ್ರೀಯ ಹೆದ್ದಾರಿ 275 ಅಂದ್ರೆ ಈಗ ಒಂದು ರಸ್ತೆ ಅಲ್ಲ, ಎರಡು. ನಡುವೆ ಆರು ಪಥದ ಮುಖ್ಯ ರಸ್ತೆ, ಅದಕ್ಕೆ ಟೋಲ್ ಇದೆ. ಅದರ ಎರಡೂ ಪಕ್ಕದಲ್ಲಿ ಎರಡೆರಡು ಪಥದ ಸರ್ವೀಸ್ ರಸ್ತೆ, ಅದಕ್ಕೆ ಟೋಲ್ ಇಲ್ಲ. ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಹತ್ತಿರ ಮುಖ್ಯ ರಸ್ತೆ ಬೈಪಾಸ್ ಆಗಿ ಊರಾಚೆ ಹೋಗುತ್ತೆ. ಅಲ್ಲಿ ಟೋಲ್ ಬೇಡ ಅನ್ನೋರು ಹಳೇ ರಸ್ತೆ ಹಿಡಿದು ಊರೊಳಗೇ ಹೋಗಬೇಕು. ಅಂದ್ರೆ ನಾವು "ಫ್ರೀ ರಸ್ತೆ" ಅಂತ ಕರೆಯೋದು ಅರ್ಧ ಸರ್ವೀಸ್ ರಸ್ತೆ, ಅರ್ಧ ಊರಿನ ಪೇಟೆ ಬೀದಿ. ದೂರ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ.

2023ರ ಮಾರ್ಚ್ 12ಕ್ಕೆ ಮಂಡ್ಯದಲ್ಲಿ ಉದ್ಘಾಟನೆ ಆಯ್ತು. ಅದಾದ ಎರಡೇ ದಿನಕ್ಕೆ ನಿಡಘಟ್ಟದವರೆಗಿನ ಮೊದಲ ಭಾಗಕ್ಕೆ ಟೋಲ್ ಶುರು. ಈ ಭಾಗದ ಗೇಟುಗಳು ಬಿಡದಿ ಆಸುಪಾಸಿನ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿವೆ. ನಿಡಘಟ್ಟದಿಂದ ಮೈಸೂರಿನವರೆಗಿನ ಎರಡನೇ ಭಾಗಕ್ಕೆ ಅದೇ ವರ್ಷ ಜುಲೈ 1ರಿಂದ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ವಸೂಲಿ ಶುರುವಾಯ್ತು.

ಆ ಹೊತ್ತಿಗೆ ಕಾರಿಗೆ ಮೊದಲ ಭಾಗಕ್ಕೆ 165 ರೂಪಾಯಿ, ಎರಡನೇ ಭಾಗಕ್ಕೆ 155 ರೂಪಾಯಿ. ಒಂದು ಕಡೆಗೆ ಒಟ್ಟು 320. ರಾಷ್ಟ್ರೀಯ ಹೆದ್ದಾರಿ ದರ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತೆ. ಕೆಳಗಿನ ಲೆಕ್ಕವನ್ನೆಲ್ಲ ನಾನು ಈ 2023ರ ದರದಲ್ಲೇ ಹಾಕಿದ್ದೀನಿ. ನೀವು ಹೊರಡೋ ದಿನದ ದರ ಹಾಕಿಕೊಂಡ್ರೆ ಉತ್ತರ ಸ್ವಲ್ಪ ಅತ್ತಿತ್ತ ಆಗುತ್ತೆ, ಲೆಕ್ಕದ ದಾರಿ ಬದಲಾಗಲ್ಲ.

ಬೈಕು, ಸ್ಕೂಟರ್, ಆಟೋ, ಟ್ರ್ಯಾಕ್ಟರ್ ಇಟ್ಕೊಂಡಿರೋರಿಗೆ ಈ ಪ್ರಶ್ನೆಯೇ ಇಲ್ಲ. 2023ರ ಆಗಸ್ಟ್ 1ರಿಂದ ಅವಕ್ಕೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಷೇಧ, ಸರ್ವೀಸ್ ರಸ್ತೆಯೇ ಗತಿ.

ಟೋಲ್ ದುಡ್ಡು ಸಿರ್ಸಿ ಸರ್ಕಲ್ ಟ್ರಾಫಿಕ್ ಕರಗಿಸಲ್ಲ

ಲೆಕ್ಕ ಹಾಕುವಾಗ ಬಹಳ ಜನ ತಪ್ಪೋದು ಇಲ್ಲೇ. ಮನೆ ಬಾಗಿಲಿಂದ ಮೈಸೂರಿಗೆ ಎಷ್ಟು ಹೊತ್ತಾಯ್ತು ಅಂತ ನೋಡ್ತಾರೆ. ಆದ್ರೆ ಚಾಮರಾಜಪೇಟೆಯಿಂದ ಹೊರಟು ಸಿರ್ಸಿ ಸರ್ಕಲ್, ಸ್ಯಾಟಲೈಟ್ ಬಸ್ ನಿಲ್ದಾಣ, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ ಕಮಾನು ದಾಟಿ ಕೆಂಗೇರಿ ಮುಟ್ಟೋವರೆಗೆ ಟೋಲ್ ಕಟ್ಟೋನೂ ಕಟ್ಟದೋನೂ ಒಂದೇ ಕ್ಯೂನಲ್ಲಿ ನಿಂತಿರ್ತಾರೆ. ಬೆಳಿಗ್ಗೆ ಆರಕ್ಕೆ ಹೊರಟ್ರೆ ಅರ್ಧ ಗಂಟೆ, ಶುಕ್ರವಾರ ಸಂಜೆ ಹೊರಟ್ರೆ ಅದರ ಎರಡರಷ್ಟು ಹಿಡಿದ್ರೂ ಆಶ್ಚರ್ಯ ಇಲ್ಲ. ಅದು ಎರಡೂ ದಾರಿಗೆ ಸೇರೋ ಖರ್ಚು, ಹಾಗಾಗಿ ಲೆಕ್ಕದಿಂದ ಆಚೆ ಇಡಿ. ಗಡಿಯಾರ ಶುರು ಮಾಡೋದು ಕೆಂಗೇರಿ ದಾಟಿ ನೈಸ್ ರಸ್ತೆ ಜಂಕ್ಷನ್ ಹತ್ತಿರ. ಎಕ್ಸ್‌ಪ್ರೆಸ್‌ವೇ ಶುರುವಾಗೋದೂ ಅಲ್ಲೇ, ಮೈಸೂರಿಗೆ ಅಲ್ಲಿಂದ ಸುಮಾರು 118 ಕಿಲೋಮೀಟರ್.

ಬಸವನಗುಡಿಯವರಿಗೆ ಇನ್ನೊಂದು ದಾರಿ ಇದೆ. ಕನಕಪುರ ರಸ್ತೆ ಹಿಡಿದು ನೈಸ್ ರಸ್ತೆ ಸೇರಿ, ಮೈಸೂರು ರಸ್ತೆಗೆ ಬಂದು ಇಳೀಬಹುದು. ನಾಯಂಡಹಳ್ಳಿ ತಪ್ಪುತ್ತೆ. ಆದ್ರೆ ನೈಸ್ ರಸ್ತೆಯ ಟೋಲ್ ಬೇರೆ, ಹೆದ್ದಾರಿ ಪ್ರಾಧಿಕಾರದ ಪಾಸ್ ಅಲ್ಲಿ ನಡೆಯಲ್ಲ. ಅದನ್ನ ಬೇರೆಯಾಗೇ ತೂಗಿ ನೋಡಿ: ಉಳಿಯೋ ನಿಮಿಷ ಎಷ್ಟು, ಕಟ್ಟೋ ದುಡ್ಡು ಎಷ್ಟು. ಎರಡು ಟೋಲ್‌ಗಳನ್ನ ಒಂದೇ ಗಂಟು ಕಟ್ಟಿ "ಒಟ್ಟು ಬೇಗ ಬಂದ್ವಿ" ಅಂದ್ರೆ ಯಾವ ದುಡ್ಡು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ.

ಒಂದು ಗಂಟೆ ಎಷ್ಟಕ್ಕೆ ಬಿತ್ತು?

ಕೇಳಬೇಕಾದ ಪ್ರಶ್ನೆ ಇದೊಂದೇ. ಟೋಲ್ ಕಟ್ಟೋದು ಅಂದ್ರೆ ಹೊತ್ತನ್ನ ದುಡ್ಡಿಗೆ ಕೊಳ್ಳೋದು. ಕೆಜಿಗೆ ಎಷ್ಟು ಅಂತ ಕೇಳೋ ಹಾಗೆ ಗಂಟೆಗೆ ಎಷ್ಟು ಅಂತ ಕೇಳಬೇಕು. ಅದಕ್ಕೆ ಲೆಕ್ಕ ಹೀಗೆ: ಟೋಲ್ ದುಡ್ಡಿಗೆ ಪೆಟ್ರೋಲ್‌ನಲ್ಲಿ ಆಗೋ ಹೆಚ್ಚಿನ ಖರ್ಚು ಸೇರಿಸಿ, ಅಥವಾ ಪೆಟ್ರೋಲ್ ಉಳಿದಿದ್ರೆ ಕಳೀರಿ. ಬಂದದ್ದನ್ನ ಉಳಿದ ನಿಮಿಷದಿಂದ ಭಾಗಿಸಿ 60ರಿಂದ ಗುಣಿಸಿ.

ಪೆಟ್ರೋಲ್ ವಿಷಯದಲ್ಲಿ ಅಣ್ಣನಿಗೂ ನನಗೂ ಜಗಳವೇ ಆಯ್ತು. "ಮೇಲೆ ಒಂದೇ ಸಮ ಓಡುತ್ತೆ, ಮೈಲೇಜ್ ಜಾಸ್ತಿ" ಅಂತ ನಾನು. "ಸ್ಪೀಡಾಗಿ ಹೋದ್ರೆ ಪೆಟ್ರೋಲ್ ಕುಡಿಯುತ್ತೆ ಕಣೋ" ಅಂತ ಅವರು. ಅಳೆದು ನೋಡಿದ ಮೇಲೆ ಇಬ್ಬರೂ ಸರಿ ಅಂತ ಗೊತ್ತಾಯ್ತು. ಸರ್ವೀಸ್ ರಸ್ತೆಯಲ್ಲಿ ಹಂಪ್, ಬ್ರೇಕು, ಎರಡನೇ ಗೇರು, ಮತ್ತೆ ಎಳೆಯೋದು, ಇದರಲ್ಲೇ ಪೆಟ್ರೋಲ್ ಹೋಗುತ್ತೆ. ಮುಖ್ಯ ರಸ್ತೆಯಲ್ಲಿ 80ರಲ್ಲಿ ಒಂದೇ ಸಮ ಹೋದ್ರೆ ಆ ನಷ್ಟ ಇಲ್ಲ. ಆದ್ರೆ 100ಕ್ಕೆ ಏರಿಸಿದ್ರೆ ಎದುರು ಗಾಳಿಯ ತಡೆ ಬರುತ್ತೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರೋದು. 80ರಿಂದ 100ಕ್ಕೆ ವೇಗ ಕಾಲು ಭಾಗ ಏರಿದ್ರೆ ತಡೆ ಅರ್ಧಕ್ಕಿಂತ ಜಾಸ್ತಿ ಏರುತ್ತೆ. ವ್ಯಾಗನ್‌ಆರ್ ಥರ ಎತ್ತರದ, ಡಬ್ಬಿ ಆಕಾರದ ಗಾಡಿಗೆ ಇದು ಜೋರಾಗೇ ತಟ್ಟುತ್ತೆ.

ಅಳೆಯೋ ಕ್ರಮ ಸುಲಭ. ಬಂಕ್‌ನಲ್ಲಿ ಪೈಪ್ ತಾನಾಗೇ ಕಟ್ ಆಗೋವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಒಂದು ವಾರ ಪೂರ್ತಿ ಒಂದೇ ದಾರಿಯಲ್ಲಿ ಹೋಗಿ ಬನ್ನಿ. ವಾಪಸ್ ಬಂದು ಅದೇ ಬಂಕ್‌ನಲ್ಲಿ ಮತ್ತೆ ಕಟ್ ಆಗೋವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನ ಹಿಡಿದ ಲೀಟರಿನಿಂದ ಭಾಗಿಸಿ. ಮುಂದಿನ ವಾರ ಇನ್ನೊಂದು ದಾರಿ. ಕಟ್ ಆದ ಮೇಲೂ ಹುಡುಗ ರೌಂಡ್ ಫಿಗರ್‌ಗೆ ಅಂತ ಒತ್ತಿ ಒತ್ತಿ ಹಾಕಿದ್ರೆ ಲೆಕ್ಕ ಕೆಡುತ್ತೆ, ಬೇಡ ಅನ್ನಿ. ಡ್ಯಾಶ್‌ಬೋರ್ಡ್ ತೋರಿಸೋ ಮೈಲೇಜನ್ನ ನಾನು ಅಷ್ಟು ನಂಬಲ್ಲ.

ಹೀಗೆ ಅಳೆದಾಗ ಅಣ್ಣನ ಗಾಡಿ ಮುಖ್ಯ ರಸ್ತೆಯಲ್ಲಿ 80ರಲ್ಲಿ ಲೀಟರಿಗೆ 18 ಕಿಲೋಮೀಟರ್, 100ರ ಹತ್ತಿರ 15, ಸರ್ವೀಸ್ ರಸ್ತೆಯಲ್ಲಿ 16 ಕೊಡ್ತು. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡಿದ್ವಿ. ಫ್ರೀ ರಸ್ತೆಯಲ್ಲಿ ಊರು, ಹಂಪ್ ಎಲ್ಲ ಸೇರಿ ಸರಾಸರಿ ಗಂಟೆಗೆ 45 ಕಿಲೋಮೀಟರ್. ಇವು ಒಂದು ಗಾಡಿಯ ಅಂಕಿ. ನಿಮ್ಮದು ಬೇರೆ ಇರುತ್ತೆ, ನಿಮ್ಮದನ್ನೇ ಹಾಕಿ.

ಕೆಂಗೇರಿಯಿಂದ ಮೈಸೂರು: ಮೊದಲ ಗಂಟೆ ಅಗ್ಗ, ಕೊನೇ ನಿಮಿಷ ದುಬಾರಿ

ಪೂರ್ತಿ 118 ಕಿಲೋಮೀಟರ್ ಮೊದಲು ನೋಡೋಣ. ಫ್ರೀ ರಸ್ತೆಯಲ್ಲಿ ಎರಡು ಗಂಟೆ 37 ನಿಮಿಷ, ಪೆಟ್ರೋಲ್ ಸುಮಾರು 760 ರೂಪಾಯಿ. ಮುಖ್ಯ ರಸ್ತೆಯಲ್ಲಿ 80ರಲ್ಲಿ ಹೋದ್ರೆ ಒಂದೂವರೆ ಗಂಟೆಗೆ ಒಂದು ನಿಮಿಷ ಕಮ್ಮಿ, ಪೆಟ್ರೋಲ್ 675, ಟೋಲ್ 320, ಒಟ್ಟು 995. ಅಂದ್ರೆ 235 ರೂಪಾಯಿ ಹೆಚ್ಚು ಕೊಟ್ಟು 68 ನಿಮಿಷ ಉಳಿಸಿದ್ವಿ. ಗಂಟೆಗೆ 207 ರೂಪಾಯಿ ಬಿತ್ತು. ಕಾರಲ್ಲಿ ನಾಲ್ಕು ಜನ ಇದ್ರೆ ತಲೆಗೆ 52 ರೂಪಾಯಿ. ಒಬ್ಬರೇ ಹೋಗೋದಾದ್ರೆ, ಸುಮ್ನೆ ಹೇಳ್ತೀನಿ, ರೈಲಿಗೆ ಟೋಲೂ ಇಲ್ಲ ಪೆಟ್ರೋಲೂ ಇಲ್ಲ.

ಈಗ 100ರ ಹತ್ತಿರ ಓಡಿಸಿದ್ವಿ ಅಂತಿಟ್ಕೊಳ್ಳಿ, ಸರಾಸರಿ 95. ಒಂದು ಗಂಟೆ 15 ನಿಮಿಷಕ್ಕೆ ಮುಟ್ತೀವಿ, ಆದ್ರೆ ಪೆಟ್ರೋಲ್ 810 ಆಗುತ್ತೆ. 80ರಲ್ಲಿ ಹೋದದ್ದಕ್ಕಿಂತ 14 ನಿಮಿಷ ಮುಂಚೆ, 135 ರೂಪಾಯಿ ಹೆಚ್ಚು. ಈ 14 ನಿಮಿಷವನ್ನ ಮಾತ್ರ ಬೇರೆ ತೆಗೆದು ನೋಡಿದ್ರೆ ಗಂಟೆಗೆ 580 ರೂಪಾಯಿ ಹತ್ತಿರ! ಟೋಲ್ ಬಗ್ಗೆ ಬೈಕೊಂಡು ಹೋಗೋ ಜನ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಅದಕ್ಕಿಂತ ದುಬಾರಿ ಹೊತ್ತನ್ನ ಕೊಳ್ತಿರ್ತಾರೆ, ಅದಕ್ಕೆ ರಸೀದಿ ಬರಲ್ಲ ಅಷ್ಟೇ.

ಇನ್ನು 100 ದಾಟಿದ್ರೆ ಮಾತು ಬೇರೆ. ಕಾರಿನ ಮಿತಿ ಅಲ್ಲಿ ಗಂಟೆಗೆ 100, ಕ್ಯಾಮೆರಾ ಇವೆ. ಅತಿವೇಗಕ್ಕೆ ದಂಡ 1000 ರೂಪಾಯಿ, ಅಂದ್ರೆ ಮೂರು ಸಲ ಮೈಸೂರಿಗೆ ಹೋಗೋ ಟೋಲು ಒಂದೇ ಫೋಟೋಗೆ ಹೋಯ್ತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದ್ರೆ ದಂಡ ಮಾತ್ರ ಅಲ್ಲ, ಎಫ್‌ಐಆರ್ ಕೂಡ.

ಎಲ್ಲಿ ಇಳೀತೀರಿ ಅನ್ನೋದೇ ಮುಖ್ಯ

ಇಲ್ಲಿ ಟೋಲ್ ಕಿಲೋಮೀಟರ್ ಲೆಕ್ಕದಲ್ಲಿ ಕಟ್ ಆಗಲ್ಲ, ಗೇಟ್ ಲೆಕ್ಕದಲ್ಲಿ ಕಟ್ ಆಗುತ್ತೆ. ಬಿಡದಿ ಹತ್ತಿರದ ಗೇಟು ದಾಟಿದ್ರೆ ನಿಡಘಟ್ಟದವರೆಗಿನ 56 ಕಿಲೋಮೀಟರಿನ ದುಡ್ಡು ಪೂರ್ತಿ ಹೋಯ್ತು. ಮುಂದೆ ಹತ್ತೇ ಕಿಲೋಮೀಟರಿಗೆ ಇಳಿದ್ರೂ ಅಷ್ಟೇ, ನಿಡಘಟ್ಟ ದಾಟಿ ಮಂಡ್ಯದವರೆಗೆ ಹೋದ್ರೂ ಅಷ್ಟೇ.

ಇದರಿಂದ ಏನಾಗುತ್ತೆ ನೋಡಿ. ಕೆಂಗೇರಿಯಿಂದ ರಾಮನಗರ ಸುಮಾರು 35 ಕಿಲೋಮೀಟರ್. ಮುಖ್ಯ ರಸ್ತೆ ಹಿಡಿದ್ರೆ ಉಳಿಯೋದು 20 ನಿಮಿಷ, 25 ರೂಪಾಯಿ ಪೆಟ್ರೋಲ್. 165 ಟೋಲ್‌ನಲ್ಲಿ ಆ 25 ಕಳೆದ್ರೆ 140 ರೂಪಾಯಿಗೆ 20 ನಿಮಿಷ, ಗಂಟೆಗೆ 420. ನನ್ನ ಕೇಳಿದ್ರೆ ರಾಮನಗರಕ್ಕೆ ಹೋಗೋರು ಕೆಳಗೇ ಹೋಗಿ, ದಾರೀಲಿ ಬಿಡದಿ ತಟ್ಟೆ ಇಡ್ಲಿ ತಿನ್ನಿ.

ಮಂಡ್ಯ ಕೆಂಗೇರಿಯಿಂದ ಸುಮಾರು 83 ಕಿಲೋಮೀಟರ್. ಗೇಟು ಅದೇ ಒಂದು, ಟೋಲ್ ಅದೇ 165. ಗಣಂಗೂರು ಗೇಟು ಮಂಡ್ಯ ದಾಟಿದ ಮೇಲೆ ಬರೋದು. ಉಳಿಯೋದು 48 ನಿಮಿಷ, ಪೆಟ್ರೋಲ್‌ನಲ್ಲಿ 59 ರೂಪಾಯಿ. ಹೆಚ್ಚು ಬಿದ್ದದ್ದು 106, ಗಂಟೆಗೆ 132 ರೂಪಾಯಿ. ಈ ರಸ್ತೆಯಲ್ಲಿ ಟೋಲ್ ದುಡ್ಡಿಗೆ ಅತಿ ಹೆಚ್ಚು ಬೆಲೆ ಸಿಗೋದು ಮಂಡ್ಯದವರಿಗೇ. ಅಣ್ಣ ಎರಡು ವರ್ಷ ಸರ್ವೀಸ್ ರಸ್ತೆಯಲ್ಲಿ ಹಂಪ್ ಹಾರಿಸಿದ್ದು ಇದನ್ನ ನೋಡದೇ.

ಹಾಗಾದ್ರೆ ಮೈಸೂರಿಗೆ ಹೋಗೋರು ಮಂಡ್ಯದಲ್ಲಿ ಇಳಿದು ಗಣಂಗೂರಿನ 155 ಉಳಿಸಬಹುದಾ? ಉಳಿಸಬಹುದು. ಉಳಿದ 35 ಕಿಲೋಮೀಟರಿಗೆ ಮುಖ್ಯ ರಸ್ತೆ ಉಳಿಸೋದು 20 ನಿಮಿಷ, ಪೆಟ್ರೋಲ್ ಕಳೆದು ಅದಕ್ಕೆ ಬೀಳೋದು 130 ರೂಪಾಯಿ, ಗಂಟೆಗೆ 390. ಅಂದ್ರೆ ಮೊದಲ ಗೇಟು ಅಗ್ಗ, ಎರಡನೇದು ಅದರ ಮೂರರಷ್ಟು ದುಬಾರಿ. ಎರಡನ್ನೂ ಸೇರಿಸಿ 207 ಅಂದಾಗ ಇದು ಮುಚ್ಚಿಹೋಗುತ್ತೆ. ಆದ್ರೆ ದಸರಾ ಹೊತ್ತಲ್ಲಿ, ರಜೆ ದಿನಗಳಲ್ಲಿ ಶ್ರೀರಂಗಪಟ್ಟಣದ ಊರೊಳಗೆ 45ರ ಸರಾಸರಿ ಸಿಗಲ್ಲ. ಆಗ ಎರಡನೇ ಗೇಟಿನ ಬೆಲೆಯೂ ಇಳಿಯುತ್ತೆ, ಕಟ್ಟಿ ಹೋಗೋದೇ ಸರಿ. ಬೆಳಗಿನ ಜಾವ ಊರೆಲ್ಲ ಖಾಲಿ ಇರೋವಾಗ ಇದಕ್ಕೆ ಉಲ್ಟಾ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗೇಟ್ ಲೆಕ್ಕ ಆಗಿರೋದ್ರಿಂದ ನಡುವೆ ಇಳಿದು ಮತ್ತೆ ಹತ್ತಿದ್ರೆ ಹೊಸ ಟೋಲ್ ಬೀಳಲ್ಲ, ಇನ್ನೊಂದು ಗೇಟು ದಾಟಬಾರದು ಅಷ್ಟೇ. ಮದ್ದೂರು ಎರಡು ಗೇಟುಗಳ ಮಧ್ಯೆ ಇದೆ. ಇಳಿದು ವಡೆ ತಿಂದು ಮತ್ತೆ ಮೇಲೆ ಹತ್ತಬಹುದು. ಇಳಿಯೋ ಹತ್ತೋ ದಾರಿ ಎಲ್ಲ ಕಡೆ ಇಲ್ಲ, ಮೊದಲೇ ಮ್ಯಾಪ್‌ನಲ್ಲಿ ನೋಡ್ಕೊಳ್ಳಿ. ತಪ್ಪಿದ್ರೆ ಎಷ್ಟೋ ಮುಂದೆ ಹೋಗಿ ತಿರುಗಿ ಬರಬೇಕಾಗುತ್ತೆ, ವಡೆ ದುಬಾರಿ ಆಗುತ್ತೆ.

ವಾಪಸ್ ಬರೋ ಟೋಲ್ ಅರ್ಧ

24 ಗಂಟೆಯೊಳಗೆ ಹೋಗಿ ಬಂದ್ರೆ ಎರಡೂ ಕಡೆ ಸೇರಿ ಟೋಲ್ ಒಂದೂವರೆ ಪಟ್ಟು ಮಾತ್ರ. 165ರ ಗೇಟಿಗೆ ಹೋಗಿ ಬರೋಕೆ 250, 155ರ ಗೇಟಿಗೆ 235. ಫಾಸ್ಟ್ಯಾಗ್ ಇದ್ರೆ ಕೇಳೋದು ಬೇಕಿಲ್ಲ, ಹೋಗುವಾಗ ಪೂರ್ತಿ ಕಟ್ ಆಗುತ್ತೆ, ಬರುವಾಗ ಕಮ್ಮಿ ಕಟ್ ಆಗುತ್ತೆ.

ಇದರ ಅರ್ಥ, ಹೋಗೋ ದಾರಿಗೂ ಬರೋ ದಾರಿಗೂ ಒಂದೇ ಉತ್ತರ ಇರಬೇಕಿಲ್ಲ. ಬೆಳಿಗ್ಗೆ ಟೋಲ್ ಕಟ್ಟಿ ಮಂಡ್ಯಕ್ಕೆ ಹೋಗಿದ್ರೆ ಸಂಜೆ ಬರೋಕೆ ಟೋಲ್ 85 ಮಾತ್ರ. ಅದರಲ್ಲಿ 59 ಪೆಟ್ರೋಲ್‌ನಲ್ಲೇ ಉಳಿಯುತ್ತೆ. 26 ರೂಪಾಯಿಗೆ 48 ನಿಮಿಷ! ಒಂದು ಬೈಟು ಕಾಫಿ ದುಡ್ಡು. "ಹೋಗುವಾಗ ಮೇಲೆ, ಬರುವಾಗ ಕೆಳಗೆ, ಅರ್ಧ ದುಡ್ಡು ಉಳೀತು" ಅನ್ನೋರು ಅಗ್ಗದ ಅರ್ಧವನ್ನ ಬಿಟ್ಟು ದುಬಾರಿ ಅರ್ಧವನ್ನ ಕೊಳ್ತಿದ್ದಾರೆ. ಅದರಲ್ಲೂ ಬರೋದು ಕತ್ತಲಲ್ಲಿ. ಸರ್ವೀಸ್ ರಸ್ತೆಯಲ್ಲಿ ಲೈಟ್ ಇಲ್ಲದ ಕಡೆ ಎದುರಿಂದ ರಾಂಗ್ ಸೈಡ್‌ನಲ್ಲಿ ಬೈಕು, ದಾಟೋ ದನ, ಬಣ್ಣ ಮಾಸಿದ ಹಂಪ್. ಇದಕ್ಕೆ ರೂಪಾಯಿ ಹಾಕೋಕೆ ನನಗೆ ಬರಲಿಲ್ಲ, ಹಾಗಾಗಿ ಲೆಕ್ಕದಲ್ಲಿ ಸೇರಿಸಿಲ್ಲ.

ಫಾಸ್ಟ್ಯಾಗ್ ಬ್ಯಾಲೆನ್ಸ್ ಹೊರಡೋ ಹಿಂದಿನ ದಿನವೇ ನೋಡಿ. ಟ್ಯಾಗ್ ಕೆಲಸ ಮಾಡದೇ ನಗದು ಕೊಟ್ರೆ 2025ರಲ್ಲಿ ಟೋಲ್ ಎರಡು ಪಟ್ಟು ಇತ್ತು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕೊಟ್ರೆ ಒಂದೂಕಾಲು ಪಟ್ಟು. ಮೇಲಿನ ಲೆಕ್ಕ ಎಲ್ಲ ಅಲ್ಲಿಗೇ ತಲೆಕೆಳಗು.

ವರ್ಷದ ಪಾಸ್ ಬಂದ ಮೇಲೆ

2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನ್‌ಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗಿನ ಬೆಲೆ 3000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ರಾಜ್‌ಮಾರ್ಗ್‌ಯಾತ್ರಾ ಆ್ಯಪ್‌ನಲ್ಲಿ ಅಥವಾ ಹೆದ್ದಾರಿ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ತಗೋಬಹುದು. ಹೊಸ ಟ್ಯಾಗ್ ಬೇಡ, ಇರೋ ಟ್ಯಾಗ್ ಮೇಲೇ ಚಾಲೂ ಆಗುತ್ತೆ. ಆದ್ರೆ ಟ್ಯಾಗ್ ಗಾಜಿಗೆ ಅಂಟಿಸಿರಬೇಕು, ಗಾಡಿ ನಂಬರಿಗೆ ಜೋಡಣೆ ಆಗಿರಬೇಕು. ಹಳದಿ ಬೋರ್ಡ್ ಗಾಡಿಗೆ ಇಲ್ಲ.

ಇದರಲ್ಲೊಂದು ತಿಳುವಳಿಕೆ ಬೇಕು. ನಮ್ಮ ಮೈಸೂರು ರಸ್ತೆಯಲ್ಲಿ ಒಂದೊಂದು ಗೇಟು ದಾಟಿದಾಗಲೂ ಒಂದು ಟ್ರಿಪ್ ಕಳೆಯುತ್ತೆ. ಮೈಸೂರಿಗೆ ಹೋಗಿ ಬಂದ್ರೆ ನಾಲ್ಕು ಟ್ರಿಪ್, ಮಂಡ್ಯಕ್ಕಾದ್ರೆ ಎರಡು. 3000 ಭಾಗಿಸು 200, ಗೇಟಿಗೆ 15 ರೂಪಾಯಿ ಅಂತ ಎಲ್ಲರೂ ಹೇಳ್ತಾರೆ. ಅದು 200ನ್ನೂ ಮುಗಿಸೋರಿಗೆ ಮಾತ್ರ. ವರ್ಷಕ್ಕೆ ಎರಡು ಸಲ ಮೈಸೂರಿಗೆ ಹೋಗೋರಿಗೆ ಇದು ನಷ್ಟದ ಬಾಬತ್ತು. ಮೈಸೂರಿಗೆ ಅದೇ ದಿನ ಹೋಗಿ ಬರೋರಿಗೆ ವರ್ಷದ ಏಳನೇ ಸಲಕ್ಕೆ ಪಾಸಿನ ದುಡ್ಡು ಹುಟ್ಟುತ್ತೆ. ಉಳ್ಕೊಂಡು 24 ಗಂಟೆ ದಾಟಿ ಬರೋರಿಗೆ ಐದನೇ ಸಲಕ್ಕೇ.

ಅಣ್ಣನ ಲೆಕ್ಕ ಈಗ ನೋಡಿ. ಪಾಸ್ ಇಲ್ಲದೆ ವಾರಕ್ಕೆ 250, ವರ್ಷಕ್ಕೆ 52 ಭಾನುವಾರ, 13,000 ರೂಪಾಯಿ. ಪಾಸ್ ಆದ್ರೆ 3000. ವರ್ಷಕ್ಕೆ ಅವರು ದಾಟೋದು 104 ಗೇಟು, 200ರ ಒಳಗೇ. ವಾರಕ್ಕೆ ಹಂಚಿದ್ರೆ 58 ರೂಪಾಯಿ ಬೀಳುತ್ತೆ. 80ರಲ್ಲಿ ಓಡಿಸಿದ್ರೆ ಹೋಗಿ ಬರೋಕೆ ಪೆಟ್ರೋಲ್‌ನಲ್ಲಿ ಉಳಿಯೋದು 118. ಅಂದ್ರೆ ಅಣ್ಣನಿಗೆ ಟೋಲ್ ರಸ್ತೆ ಫ್ರೀ ರಸ್ತೆಗಿಂತ ವಾರಕ್ಕೆ 60 ರೂಪಾಯಿ ಅಗ್ಗ. ಜೊತೆಗೆ ಒಂದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಉಳಿಯುತ್ತೆ.

ಪೇಪರ್ ಮೇಲೆ ಈ ಅಂಕಿ ಬಂದಾಗ ಅವರು ನಂಬಲಿಲ್ಲ, ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದ್ರು. ನಾನೂ ಒತ್ತಿದೆ. ಇದರ ಸೂಕ್ಷ್ಮ ಇರೋದು 80ರಲ್ಲಿ. ಅಣ್ಣ 100ಕ್ಕೆ ಏರಿಸಿದ್ರೆ ಪೆಟ್ರೋಲ್ ಉಳಿಯೋ ಬದಲು ಹೋಗಿ ಬರೋಕೆ 72 ರೂಪಾಯಿ ಹೆಚ್ಚು ಆಗುತ್ತೆ, ಪಾಸಿನ 58 ಸೇರಿ ವಾರಕ್ಕೆ 130 ಕೈಯಿಂದ ಹೋಗುತ್ತೆ. ಸಿಗೋದು ಇನ್ನೊಂದು 20 ನಿಮಿಷ ಮಾತ್ರ. ಎಡಗಡೆ ಪಥದಲ್ಲಿ 80ರಲ್ಲಿ ಹೋಗೋನಿಗೆ ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ ಬಿಡಿ.

ನಿಮ್ಮ ಒಂದು ಗಂಟೆಗೆ ಬೆಲೆ ಎಷ್ಟು?

ಇದನ್ನ ಸಂಬಳ ಭಾಗಿಸಿ ಹೇಳೋಕಾಗಲ್ಲ. ಭಾನುವಾರದ ಗಂಟೆಗೆ ಯಾರೂ ಸಂಬಳ ಕೊಡಲ್ಲ. ಆ ಹೊತ್ತು ಉಳಿದ್ರೆ ಏನ್ ಮಾಡ್ತೀನಿ ಅಂತ ಕೇಳಿಕೊಳ್ಳಿ. ಅಂಗಡಿ ಒಂದು ಗಂಟೆ ಮುಂಚೆ ತೆರೀಬಹುದು ಅನ್ನೋರಿಗೆ ಆ ಗಂಟೆಯ ವ್ಯಾಪಾರ ಎಷ್ಟು ಅಂತ ಗೊತ್ತಿರುತ್ತೆ. ಮನೆಗೆ ಬಂದು ಮೊಬೈಲ್ ನೋಡ್ತೀನಿ ಅನ್ನೋರಿಗೆ 207 ಕೂಡ ದುಬಾರಿ.

ಮುಹೂರ್ತ, ಪರೀಕ್ಷೆ, ಆಸ್ಪತ್ರೆ ಅಪಾಯಿಂಟ್‌ಮೆಂಟ್ ಇದ್ದಾಗ ಸರಾಸರಿ ನೋಡಬೇಡಿ, ಕೆಟ್ಟ ದಿನ ಎಷ್ಟು ಹೊತ್ತಾಗುತ್ತೆ ಅಂತ ನೋಡಿ. ಫ್ರೀ ರಸ್ತೆಯಲ್ಲಿ ಒಂದು ಜಾತ್ರೆ, ಒಂದು ಮೆರವಣಿಗೆ ಸಿಕ್ಕಿದ್ರೆ ಅರ್ಧ ಗಂಟೆ ಮಾಯ. ಮುಖ್ಯ ರಸ್ತೆಯಲ್ಲಿ ಅಂಥದ್ದು ಕಮ್ಮಿ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಉದ್ಘಾಟನೆ ಆಗಿ ವಾರ ಆಗೋದ್ರೊಳಗೆ ಮಳೆಗೆ ರಾಮನಗರದ ಹತ್ತಿರ ಅಂಡರ್‌ಪಾಸ್‌ನಲ್ಲಿ ನೀರು ನಿಂತು ಗಾಡಿಗಳು ಸಿಕ್ಕಿಹಾಕಿಕೊಂಡಿದ್ದವು. ಜೋರು ಮಳೆ ದಿನ ಎರಡೂ ಕಡೆ ಅರ್ಧ ಗಂಟೆ ಮುಂಚೆ ಹೊರಡಿ.

ಅಣ್ಣ ಪಾಸ್ ಮಾಡಿಸಿದ್ದಾರೆ. ಈಗ ಮಂಡ್ಯ ಬಿಡೋದು ಐದೂವರೆಗೆ. ಕಳೆದ ಭಾನುವಾರ ಬಿಡದಿವರೆಗೆ ಚೆನ್ನಾಗೇ ಬಂದು, ಕೆಂಗೇರಿಯಿಂದ ಸಿರ್ಸಿ ಸರ್ಕಲ್‌ವರೆಗೆ ಒಂದು ಗಂಟೆ ತಗೊಂಡ್ರಂತೆ. ಮೈಸೂರು ಕಡೆ ಹೋದ ಊರೆಲ್ಲ ಭಾನುವಾರ ರಾತ್ರಿ ಒಟ್ಟಿಗೇ ವಾಪಸ್ ಬರುತ್ತಲ್ಲ. "ಇದಕ್ಕೂ ಒಂದು ಪಾಸ್ ಕೊಡೋ ಹಾಗಿದ್ರೆ ಕೇಳು" ಅಂದ್ರು. ಮುಂದಿನ ವಾರದಿಂದ ಊಟ ಅಲ್ಲೇ ಮುಗಿಸಿ, ಎಂಟರ ಮೇಲೆ ಹೊರಟು ನೋಡ್ತೀನಿ ಅಂತಿದ್ದಾರೆ.